ಕೋಡ್ ಹೊಡೆದರೆ ದರ ಬರುತ್ತದೆ, ಆದರೆ ಯಾವುದರ ದರ?

ನಮ್ಮ ಊರಿನ ಕೆಲವು ಅಂಗಡಿ ಮಾಲೀಕರು, ಅವರ ಬಿಲ್ ನೋಡಿಕೊಳ್ಳುವ ಹುಡುಗ ಹುಡುಗಿಯರು ಸೇರಿದ್ದ ಒಂದು ಸಂಜೆ, ಸ್ಪ್ರೆಡ್‌ಶೀಟ್‌ನಿಂದ ದರ ಹುಡುಕಿಸುವ ಬಗ್ಗೆ ನಾನು ಮಾತಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಸಣ್ಣ ಕೋಷ್ಟಕ ಮಾಡಿದ್ದೇನೆ. ದರಗಳೆಲ್ಲ ಉದಾಹರಣೆಗೆ ಹಾಕಿದವು, ಇವತ್ತಿನ ಮಾರುಕಟ್ಟೆ ದರ ಅಂತ ಯಾರೂ ಜಗಳಕ್ಕೆ ಬರಬೇಡಿ.

ಎಲ್ಲರಿಗೂ ನಮಸ್ಕಾರ.

ಪ್ಲಂಬಿಂಗ್ ಸಾಮಾನಿನ ಅಂಗಡಿಯನ್ನೇ ಉದಾಹರಣೆಗೆ ತಗೊಳ್ಳೋಣ. ಒಬ್ಬರು ಮನೆ ಕಟ್ಟಿಸುತ್ತಿದ್ದಾರೆ, ಪ್ಲಂಬರ್ ಒಂದು ಚೀಟಿ ಕಳಿಸಿದ್ದಾನೆ. ಮುಕ್ಕಾಲು ಇಂಚಿನ ಪೈಪ್ ಹನ್ನೆರಡು, ಎಲ್ಬೋ ಇಪ್ಪತ್ತನಾಲ್ಕು, ಟೀ ಹತ್ತು, ಇನ್ನೂ ಎರಡು ವಸ್ತು. ನಾವು ಕೊಟೇಶನ್ ಮಾಡಬೇಕು. ಸಾಮಾನ್ಯವಾಗಿ ಏನು ಮಾಡುತ್ತೇವೆ? ಪಕ್ಕದಲ್ಲಿ ದರಪಟ್ಟಿ ತೆರೆದಿಟ್ಟುಕೊಂಡು, ಒಂದೊಂದೇ ದರ ನೋಡಿ, ಒಂದೊಂದೇ ಟೈಪ್ ಮಾಡುತ್ತೇವೆ. ಐದು ಸಾಲಾದರೆ ಪರವಾಗಿಲ್ಲ. ನಲವತ್ತು ಸಾಲಾದರೆ ಮಧ್ಯದಲ್ಲಿ ಒಂದು ಫೋನ್ ಬರುತ್ತದೆ, ಕಣ್ಣು ಒಂದು ಸಾಲು ಕೆಳಗೆ ಜಾರುತ್ತದೆ.

ಈ ಕೆಲಸವನ್ನು ಸ್ಪ್ರೆಡ್‌ಶೀಟ್‌ಗೇ ಬಿಡಬಹುದು. ಅದಕ್ಕಿರುವ ಸೂತ್ರ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿದೆ: `VLOOKUP`. ಹಾಗಾಗಿ ಸೂತ್ರ ಬರೆಯುವುದನ್ನು ಬೇಗ ಮುಗಿಸುತ್ತೇನೆ. ಅದು ಕೆಡುವುದು ಹೇಗೆ, ಕೆಟ್ಟಿದ್ದು ಗೊತ್ತಾಗುವುದು ಹೇಗೆ ಅನ್ನುವುದಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ಯಾಕೆಂದರೆ ಈ ಸೂತ್ರ ಎರಡು ಥರ ಕೆಡುತ್ತದೆ. ಒಂದು, `#N/A` ಅಂತ ಮುಖಕ್ಕೇ ಹೇಳಿಬಿಡುತ್ತದೆ. ಇನ್ನೊಂದು, ಸುಮ್ನೆ ಬೇರೆ ಯಾವುದೋ ವಸ್ತುವಿನ ದರ ತಂದು ಕೂರಿಸುತ್ತದೆ. ನಾನು ಹೆದರುವುದು ಎರಡನೆಯದಕ್ಕೆ.

ಒಂದೇ ಫೈಲಿನಲ್ಲಿ ಎರಡು ಶೀಟ್ ಇವೆ ಅಂತಿಟ್ಟುಕೊಳ್ಳಿ. ಒಂದರ ಹೆಸರು `Rates`. ಅದರಲ್ಲಿ ದರಪಟ್ಟಿ ಇದೆ. ಮೊದಲ ಸಾಲು ತಲೆಬರಹ, ಹಾಗಾಗಿ ವಸ್ತುಗಳು 2ನೇ ಸಾಲಿನಿಂದ 7ನೇ ಸಾಲಿನವರೆಗೆ ಇವೆ.

| A: ಕೋಡ್ | B: ವಸ್ತು | C: ಲೆಕ್ಕ | D: ದರ |
|---|---|---|---|
| 101 | ಎಲ್ಬೋ, ಅರ್ಧ ಇಂಚು | ಒಂದಕ್ಕೆ | 14 |
| 102 | ಎಲ್ಬೋ, ಮುಕ್ಕಾಲು ಇಂಚು | ಒಂದಕ್ಕೆ | 19 |
| 105 | ಟೀ, ಮುಕ್ಕಾಲು ಇಂಚು | ಒಂದಕ್ಕೆ | 27 |
| 110 | ಕಪ್ಲಿಂಗ್, ಮುಕ್ಕಾಲು ಇಂಚು | ಒಂದಕ್ಕೆ | 16 |
| 118 | ಬಾಲ್ ವಾಲ್ವ್, ಮುಕ್ಕಾಲು ಇಂಚು | ಒಂದಕ್ಕೆ | 210 |
| 131 | ಪೈಪ್, ಮುಕ್ಕಾಲು ಇಂಚು | 3 ಮೀಟರ್ ಉದ್ದಕ್ಕೆ | 285 |

ಇನ್ನೊಂದು ಶೀಟ್ ನಮ್ಮ ಕೊಟೇಶನ್. A ಕಾಲಂನಲ್ಲಿ ಕೋಡ್, B ವಸ್ತು, C ಎಷ್ಟು ಬೇಕು, D ದರ, E ಮೊತ್ತ. ಚೀಟಿಯಲ್ಲಿದ್ದ ಐದು ವಸ್ತುಗಳು ಇವು: 131 ಪೈಪ್ 12, 102 ಎಲ್ಬೋ 24, 105 ಟೀ 10, 112 ಅಂದರೆ ಒಂದು ಇಂಚಿನ ಬಾಲ್ ವಾಲ್ವ್ 4, ಕೊನೆಗೆ 101 ಅರ್ಧ ಇಂಚಿನ ಎಲ್ಬೋ 6. ಇವು ಕೊಟೇಶನ್ನಿನ 2ರಿಂದ 6ನೇ ಸಾಲಿನಲ್ಲಿವೆ. 112 ದರಪಟ್ಟಿಯಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ. ಆ ಮಾಲು ಮೊನ್ನೆ ಬಂದಿದೆ, ಪಟ್ಟಿಗೆ ಇನ್ನೂ ಯಾರೂ ಸೇರಿಸಿಲ್ಲ. ಒಂದಕ್ಕೆ 340 ರೂಪಾಯಿ ಅಂತ ಮಾಲೀಕರಿಗೆ ಮಾತ್ರ ಗೊತ್ತು. ಇಂಥದ್ದು ಯಾವ ಅಂಗಡಿಯಲ್ಲಿ ನಡೆಯುವುದಿಲ್ಲ ಹೇಳಿ.

D2ರಲ್ಲಿ ಹೀಗೆ ಬರೆಯುತ್ತೇವೆ:

```
=VLOOKUP(A2,Rates!$A$2:$D$7,4,FALSE)
```

ಇದನ್ನು ಅಂಗಡಿ ಹುಡುಗನಿಗೆ ಹೇಳುವ ಹಾಗೆ ಓದಿ. "A2ರಲ್ಲಿರುವ ಕೋಡ್ ತಗೋ. ದರಪಟ್ಟಿಯ ಮೊದಲನೇ ಕಾಲಂನಲ್ಲಿ ಮೇಲಿಂದ ಕೆಳಗೆ ಹುಡುಕು. ಸಿಕ್ಕಿದ ಸಾಲಿನಲ್ಲೇ ಅಡ್ಡಕ್ಕೆ ಹೋಗಿ ನಾಲ್ಕನೇ ಕಾಲಂನಲ್ಲಿ ಏನಿದೆ ಹೇಳು. ಅದೇ ಕೋಡ್ ಸಿಗದಿದ್ದರೆ ಇಲ್ಲ ಅನ್ನು, ಹತ್ತಿರದ್ದು ತರಬೇಡ." ಕೊನೆಯ ಮಾತು `FALSE`. ಇದನ್ನು 6ನೇ ಸಾಲಿನವರೆಗೂ ಎಳೆದರೆ ಬರುವುದು 285, 19, 27, `#N/A`, 14. ನಾಲ್ಕನೆಯದು ಪಟ್ಟಿಯಲ್ಲಿಲ್ಲ, ಅದನ್ನೇ ಸೂತ್ರ ಹೇಳಿದೆ. ಮಾಲೀಕರನ್ನು ಕೇಳಿ, ಪಟ್ಟಿಗೆ ಹೊಸ ಸಾಲು ಸೇರಿಸಿದರೆ ಆಯಿತು. ಒಂದು ಮಾತು: ಆ ಸಾಲನ್ನು ಪಟ್ಟಿಯ ಮಧ್ಯದಲ್ಲಿ ಇನ್ಸರ್ಟ್ ಮಾಡಿದರೆ ಸೂತ್ರದ ವ್ಯಾಪ್ತಿ ತಾನೇ ಹಿಗ್ಗುತ್ತದೆ. 8ನೇ ಸಾಲಿನಲ್ಲಿ, ಅಂದರೆ ಪಟ್ಟಿಯ ಕೆಳಗೆ ಸೇರಿಸಿದರೆ ಹಿಗ್ಗುವುದಿಲ್ಲ. ಆ ತಲೆನೋವೇ ಬೇಡ ಅನ್ನುವವರು `Rates!$A:$D` ಅಂತ ಇಡೀ ಕಾಲಂ ಕೊಡಿ.

ಈಗ ಆ `FALSE` ತೆಗೆದುಬಿಡೋಣ.

```
=VLOOKUP(A2,Rates!$A$2:$D$7,4)
```

ಸೂತ್ರ ಬೈಯುವುದಿಲ್ಲ. ಎಂಟರ್ ಒತ್ತಿದರೆ ತಗೊಳ್ಳುತ್ತದೆ. ಬರುವ ದರಗಳು 285, 19, 27, 16, 14. ಕೆಂಪು ಇಲ್ಲ, `#N/A` ಇಲ್ಲ, ನೋಡಲು ಮೊದಲಿಗಿಂತ ಚೆನ್ನಾಗಿದೆ! ಆದರೆ ಆ 16 ಎಲ್ಲಿಂದ ಬಂತು? ಅದು ಕಪ್ಲಿಂಗ್ ದರ. 340 ರೂಪಾಯಿಯ ಬಾಲ್ ವಾಲ್ವ್ 16 ರೂಪಾಯಿಗೆ ಹೋಯಿತು. ನಾಲ್ಕಕ್ಕೆ 1,360 ಬರಬೇಕಾದ ಕಡೆ 64 ಬಂತು. ಒಟ್ಟು 5,590 ಆಗಬೇಕಿದ್ದ ಕೊಟೇಶನ್ 4,294 ಆಯಿತು. ಇದನ್ನು ಗಿರಾಕಿ ಬಂದು ಹೇಳುತ್ತಾನೆ ಅಂತ ಕಾಯಬೇಡಿ.

ಯಾಕೆ ಹೀಗೆ? ನಾಲ್ಕನೇ ಭಾಗ ಬಿಟ್ಟರೆ `VLOOKUP` ಅದನ್ನು `TRUE` ಅಂತಲೇ ತಿಳಿಯುತ್ತದೆ. `TRUE` ಅಂದರೆ "ಅದೇ ಸಿಗದಿದ್ದರೆ ಅದಕ್ಕಿಂತ ಚಿಕ್ಕದರಲ್ಲಿ ದೊಡ್ಡದನ್ನು ತಾ". 112 ಇಲ್ಲ, ಅದಕ್ಕಿಂತ ಚಿಕ್ಕ ಕೋಡ್‌ಗಳಲ್ಲಿ ದೊಡ್ಡದು 110, ಅದರ ದರ 16. ಇಷ್ಟಕ್ಕೇ ಮುಗಿಯುವುದಿಲ್ಲ. ಈ ರೀತಿ ಹುಡುಕುವಾಗ ಅದು ಮೇಲಿಂದ ಒಂದೊಂದೇ ಸಾಲು ನೋಡುವುದಿಲ್ಲ. ನಾವು ನಿಘಂಟನ್ನು ಮಧ್ಯಕ್ಕೆ ತೆರೆದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತೇವಲ್ಲ, ಹಾಗೆ ಹುಡುಕುತ್ತದೆ. ನಿಘಂಟು ಅಕ್ಷರ ಕ್ರಮದಲ್ಲಿದ್ದರೆ ಸರಿ. ನಿಮ್ಮ ದರಪಟ್ಟಿ ಕೋಡ್ ಕ್ರಮದಲ್ಲಿ ಇಲ್ಲದಿದ್ದರೆ, ಪಟ್ಟಿಯಲ್ಲಿ ಇರುವ ವಸ್ತುವಿಗೂ ತಪ್ಪು ದರ ತರಬಹುದು.

ಇಂಥ ನಡವಳಿಕೆಯನ್ನು ಯಾರಾದರೂ ಬೇಕಂತಲೇ ಇಟ್ಟರಾ ಅಂತ ನೀವು ಕೇಳಬಹುದು. ಹೌದು, ಇಟ್ಟರು. 1979ರಲ್ಲಿ ಬಂದ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್‌ನಲ್ಲೇ ಇಂಥ ಹುಡುಕುವ ಸೂತ್ರ ಇತ್ತು, ಅದೂ ಏರಿಕೆಯ ಕ್ರಮದ ಪಟ್ಟಿಯನ್ನೇ ಬಯಸುತ್ತಿತ್ತು. ಸ್ಲ್ಯಾಬ್ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದ್ದು. ನಮ್ಮಲ್ಲೇ ನೋಡಿ: ಹತ್ತಕ್ಕಿಂತ ಕಡಿಮೆ ತಗೊಂಡರೆ ರಿಯಾಯಿತಿ ಇಲ್ಲ, 10ರಿಂದ ಶೇ. 5, 50ರಿಂದ ಶೇ. 8, 100ರಿಂದ ಶೇ. 12. `Slab` ಎಂಬ ಶೀಟ್‌ನಲ್ಲಿ A ಕಾಲಂಗೆ 0, 10, 50, 100 ಅಂತಲೂ B ಕಾಲಂಗೆ ರಿಯಾಯಿತಿಯನ್ನೂ ಹಾಕಿ, ಹೀಗೆ ಕೇಳಬಹುದು:

```
=VLOOKUP(C2,Slab!$A$2:$B$5,2,TRUE)
```

ಗಿರಾಕಿ 60 ಎಲ್ಬೋ ತಗೊಂಡರೆ 60 ಅನ್ನುವ ಸಾಲು ಪಟ್ಟಿಯಲ್ಲಿಲ್ಲ. ಅದಕ್ಕಿಂತ ಚಿಕ್ಕದರಲ್ಲಿ ದೊಡ್ಡದು 50, ಹಾಗಾಗಿ ಶೇ. 8. ಇಲ್ಲಿ ಹತ್ತಿರದ್ದು ತರುವುದೇ ಸರಿ. ಎಷ್ಟು ಅನ್ನುವ ಪ್ರಶ್ನೆಗೆ `TRUE`, ಯಾವುದು ಅನ್ನುವ ಪ್ರಶ್ನೆಗೆ `FALSE`. ಕೋಡ್ ಅನ್ನುವುದು ಹೆಸರಿದ್ದ ಹಾಗೆ. 110 ಮತ್ತು 112 ಪಕ್ಕ ಪಕ್ಕದ ಸಂಖ್ಯೆ ಆಗಿದ್ದರೂ ಕಪ್ಲಿಂಗ್‌ಗೂ ವಾಲ್ವ್‌ಗೂ ನೆಂಟಸ್ತಿಕೆ ಇಲ್ಲ.

ಮುಂದಿನದು ಆ ಡಾಲರ್ ಗುರುತು. ಇದು `#N/A` ಕೊಡುವ ಜಾತಿಯದು, ಆದರೆ ತಲೆ ಕೆಡಿಸುತ್ತದೆ. D2ರಲ್ಲಿ ಡಾಲರ್ ಇಲ್ಲದೆ `Rates!A2:D7` ಅಂತ ಬರೆದು ಕೆಳಗೆ ಎಳೆದಿರಿ. ನಮ್ಮ ಐದು ಸಾಲಿಗೆ ಬರುವುದು 285, 19, 27, `#N/A`, `#N/A`. ನಾಲ್ಕನೆಯದು ಪಟ್ಟಿಯಲ್ಲಿಲ್ಲ, ಸರಿ. ಐದನೆಯದು 101, ಅದು ಪಟ್ಟಿಯ ಮೊದಲ ಸಾಲಿನಲ್ಲೇ ಕಣ್ಣಿಗೆ ಕಾಣುತ್ತಿದೆ! ಆ ಕೋಶದ ಮೇಲೆ ಡಬಲ್ ಕ್ಲಿಕ್ ಮಾಡಿ ನೋಡಿ. ಒಳಗೆ `Rates!A6:D11` ಆಗಿದೆ. ಕೋಡ್ ಒಂದೊಂದು ಸಾಲು ಕೆಳಗಿಳಿದ ಹಾಗೆ ಹುಡುಕುವ ಪಟ್ಟಿಯೂ ಜೊತೆಗೇ ಇಳಿದಿದೆ, 101 ಅದರಾಚೆ ಉಳಿದಿದೆ. 102 ಮತ್ತು 105ಕ್ಕೆ ದರ ಬಂದಿದ್ದು ಅದೃಷ್ಟ, ಅಷ್ಟೇ. ಪಟ್ಟಿಯಲ್ಲಿ ಅವು ಇರುವ ಸಾಲಿನಿಂದಲೇ ಆ ಎರಡು ಸೂತ್ರಗಳ ವ್ಯಾಪ್ತಿ ಶುರುವಾಗಿತ್ತು.

ಇದನ್ನು ಗುರುತಿಸುವುದು ಸುಲಭ. ಮೇಲಿನ ಸಾಲುಗಳು ಸರಿ ಇದ್ದು, ಕೆಳಗೆ ಹೋದ ಹಾಗೆ `#N/A` ಜಾಸ್ತಿ ಆಗುತ್ತಿದ್ದರೆ, ಅದರಲ್ಲೂ ಪಟ್ಟಿಯ ಮೇಲ್ತುದಿಯ ವಸ್ತುಗಳೇ ಸಿಗದಿದ್ದರೆ, ಡಾಲರ್ ಬಿಟ್ಟಿದ್ದೀರಿ. ಸೂತ್ರದಲ್ಲಿ ಆ ವ್ಯಾಪ್ತಿಯನ್ನು ಪೂರ್ತಿ ಆರಿಸಿ F4 ಒತ್ತಿದರೆ ಡಾಲರ್ ತಾನೇ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ Fn ಜೊತೆಗೆ ಒತ್ತಬೇಕು.

ಈಗ ಎಲ್ಲಕ್ಕಿಂತ ಹೆಚ್ಚು ಜನ ನನ್ನ ಹತ್ತಿರ ತರುವ ದೂರು. "ಸಾರ್, ಕೋಡ್ ಇದೆ, ಪಟ್ಟಿಯಲ್ಲೂ ಇದೆ, `FALSE` ಹಾಕಿದ್ದೀನಿ, ಡಾಲರ್ ಹಾಕಿದ್ದೀನಿ, ಆದರೂ `#N/A`." ನಿಮ್ಮ ಕಣ್ಣಿಗೆ ಎರಡೂ 105. ಸ್ಪ್ರೆಡ್‌ಶೀಟ್‌ಗೆ ಒಂದು 105 ಎಂಬ ಸಂಖ್ಯೆ, ಇನ್ನೊಂದು ಒಂದು, ಸೊನ್ನೆ, ಐದು ಎಂಬ ಮೂರು ಅಕ್ಷರ. ಅದರ ಲೆಕ್ಕದಲ್ಲಿ ಇವೆರಡೂ ಬೇರೆ. ಬಿಲ್ಲಿಂಗ್ ತಂತ್ರಾಂಶದಿಂದ ಹೊರತೆಗೆದ ಪಟ್ಟಿಯಲ್ಲಿ ಕೋಡ್‌ಗಳು ಹೀಗೆ ಅಕ್ಷರವಾಗಿ ಬರುವುದು ತೀರಾ ಸಾಮಾನ್ಯ. ನೀವು ಕೈಯಲ್ಲಿ ಹೊಡೆದ ಕೋಡ್ ಮಾತ್ರ ಸಂಖ್ಯೆ.

ನೋಡಿ ಗುರುತಿಸುವುದಾದರೆ, ಯಾರೂ ಅಲೈನ್‌ಮೆಂಟ್ ಬದಲಿಸದಿದ್ದರೆ ಸಂಖ್ಯೆ ಕೋಶದ ಬಲಕ್ಕೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಖಚಿತ ಬೇಕಾದರೆ ಪಕ್ಕದ ಖಾಲಿ ಕೋಶದಲ್ಲಿ ಇವನ್ನು ಹಾಕಿ:

```
=ISNUMBER(Rates!A4)
=LEN(Rates!A4)
```

ಮೊದಲನೆಯದು `FALSE` ಅಂದರೆ ಅದು ಅಕ್ಷರ. ಎಕ್ಸೆಲ್‌ನಲ್ಲಿ ಆ ಕಾಲಂ ಪೂರ್ತಿ ಆರಿಸಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆರೆದು ಬೇರೇನೂ ಮುಟ್ಟದೆ ಫಿನಿಶ್ ಒತ್ತಿದರೆ ಎಲ್ಲ ಸಂಖ್ಯೆಯಾಗುತ್ತವೆ. ಆದರೆ ನಿಮ್ಮ ಕೋಡ್‌ಗಳು 0105 ಅಂತ ಸೊನ್ನೆಯಿಂದ ಶುರುವಾಗಿದ್ದರೆ ಹೀಗೆ ಮಾಡಬೇಡಿ, ಆ ಸೊನ್ನೆ ಹೋಗುತ್ತದೆ. ಆಗ ಉಲ್ಟಾ ಮಾಡಿ. ಎರಡೂ ಕಡೆ ಕಾಲಂ ಅನ್ನು ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಹಾಕಿ, ಆಮೇಲೆ ಕೋಡ್ ಹೊಡೆಯಿರಿ. ಆಮೇಲೆ ಅನ್ನುವುದು ಮುಖ್ಯ. ಮೊದಲೇ ಹೊಡೆದ ಸಂಖ್ಯೆ, ಫಾರ್ಮ್ಯಾಟ್ ಬದಲಿಸಿದ ಮಾತ್ರಕ್ಕೆ ಅಕ್ಷರ ಆಗುವುದಿಲ್ಲ.

ನಮ್ಮ ಪ್ಲಂಬಿಂಗ್ ಅಂಗಡಿಯವರಿಗೆ ಇಲ್ಲೇ ಇನ್ನೊಂದು ಕಾಟ ಇದೆ. ಸೈಜ್ ಕಾಲಂನಲ್ಲಿ 1/2 ಅಂತ ಹೊಡೆದರೆ ಅದು ಫೆಬ್ರವರಿ ಒಂದನೇ ತಾರೀಖು ಆಗುತ್ತದೆ. 3/4 ಹೊಡೆದರೆ ಏಪ್ರಿಲ್ ಮೂರು. ಮುಕ್ಕಾಲು ಇಂಚು ಬೇಸಿಗೆಗೆ ಹೋಗಿ ಕೂರುತ್ತದೆ. ಅದಕ್ಕೂ ಮದ್ದು ಅದೇ, ಮೊದಲೇ ಟೆಕ್ಸ್ಟ್ ಫಾರ್ಮ್ಯಾಟ್.

ಎರಡನೇ ಸೂತ್ರ `LEN`, ಕೋಶದಲ್ಲಿ ಎಷ್ಟು ಅಕ್ಷರ ಇವೆ ಅಂತ ಎಣಿಸುತ್ತದೆ. 105ಕ್ಕೆ 3 ಬರಬೇಕು. 4 ಬಂದರೆ ಯಾರೋ ಕೊನೆಯಲ್ಲಿ ಸ್ಪೇಸ್ ಒತ್ತಿದ್ದಾರೆ. ಅಂಥದ್ದನ್ನು `TRIM` ತೆಗೆಯುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ ಪಟ್ಟಿಯಲ್ಲಿ ಮಾತ್ರ ಕೆಲವೊಮ್ಮೆ `TRIM`ಗೂ ಬಗ್ಗದ ಸ್ಪೇಸ್ ಇರುತ್ತದೆ. ನೋಡಲು ಮಾಮೂಲಿ ಸ್ಪೇಸ್, ಒಳಗಿನ ಸಂಖ್ಯೆ 160. ಎಕ್ಸೆಲ್‌ನಲ್ಲಿ ಅದಕ್ಕೆ ಹೀಗೆ:

```
=TRIM(SUBSTITUTE(A2,CHAR(160)," "))
```

ಕನ್ನಡದಲ್ಲಿ ಪಟ್ಟಿ ಇಟ್ಟವರಿಗೆ ಇದರದೇ ದೊಡ್ಡ ಅಣ್ಣ ಒಬ್ಬನಿದ್ದಾನೆ. ಒಮ್ಮೆ ಒಬ್ಬರು ತಮ್ಮ ದಿನಸಿ ಅಂಗಡಿಯ ಫೈಲ್ ತಂದರು. ಕೋಡ್ ಇಲ್ಲ, ಹೆಸರೇ ಕೋಡ್. ಕೊಟೇಶನ್‌ನಲ್ಲಿ ಸಕ್ಕರೆ, ಪಟ್ಟಿಯಲ್ಲೂ ಸಕ್ಕರೆ. ಒಂದಕ್ಕೂ ದರ ಬರುತ್ತಿಲ್ಲ, ಎಲ್ಲ ಸಾಲಿಗೂ `#N/A`. ಸ್ಪೇಸ್ ನೋಡಿದೆ, ಇಲ್ಲ. ಅರ್ಧ ಗಂಟೆ ಹೋಯಿತು. ಕೊನೆಗೆ ಪಟ್ಟಿಯ ಆ ಕೋಶದ ಫಾಂಟ್ ಬದಲಿಸಿ ಏರಿಯಲ್ ಮಾಡಿದೆ. ಸಕ್ಕರೆ ಹೋಗಿ ಇಂಗ್ಲಿಷ್ ಅಕ್ಷರ, ಚಿತ್ರ ವಿಚಿತ್ರ ಗುರುತುಗಳು ನಿಂತವು. ಆ ಪಟ್ಟಿ ನುಡಿ, ಬರಹದ ಹಳೇ ಫಾಂಟ್‌ಗಳ ಕಾಲದ್ದು. ಆಗ ಕನ್ನಡಕ್ಕೆ ಯೂನಿಕೋಡ್ ಇನ್ನೂ ರೂಢಿಗೆ ಬಂದಿರಲಿಲ್ಲ. ಒಳಗೆ ಇಂಗ್ಲಿಷ್ ಗುರುತುಗಳನ್ನೇ ಇಟ್ಟು, ಮೇಲೆ ಕನ್ನಡದ ಆಕಾರ ತೋರಿಸುವ ಉಪಾಯ ಅದು. `PÀ£ÀßqÀ` ಅಂತ ನೀವು ಎಲ್ಲಾದರೂ ನೋಡಿದ್ದರೆ, ಅದು ಹಾಗೆ ಬಟ್ಟೆ ಕಳಚಿದ ಕನ್ನಡ. ಕೊಟೇಶನ್‌ನ ಸಕ್ಕರೆ ಫೋನ್‌ನಿಂದ ಬಂದ ಯೂನಿಕೋಡ್. ಕಣ್ಣಿಗೆ ಒಂದೇ, ಒಳಗೆ ಒಂದು ಅಕ್ಷರವೂ ಹೊಂದುವುದಿಲ್ಲ. ಹಳೇ ಪಟ್ಟಿಯನ್ನು ಒಮ್ಮೆ ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿದ ಮೇಲೆ ಬಹಳಷ್ಟು ದರ ಬಂದವು.

ಎಲ್ಲ ಯಾಕೆ ಬರಲಿಲ್ಲ? ಒಂದು ಕಡೆ ತೊಗರಿಬೇಳೆ, ಇನ್ನೊಂದು ಕಡೆ ತೊಗರಿ ಬೇಳೆ. ನಡುವೆ ಒಂದು ಸ್ಪೇಸ್. ಇದಕ್ಕೆ `TRIM` ಏನೂ ಮಾಡುವುದಿಲ್ಲ, ಅದು ಪದಗಳ ನಡುವೆ ಒಂದು ಸ್ಪೇಸ್ ಬಿಟ್ಟೇ ಬಿಡುತ್ತದೆ. ಆವತ್ತು ಅವರಿಗೆ ಕೋಡ್ ಮಾಡಿಕೊಳ್ಳಿ ಅಂದೆ. ಹೆಸರಿನಿಂದ ಹುಡುಕಿಸುವುದು ನನಗೆ ಯಾವತ್ತೂ ಒಪ್ಪಿಗೆಯಿಲ್ಲ.

ಒಪ್ಪಿಗೆಯಿಲ್ಲದಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಸುಮ್ನೆ ತಪ್ಪು ದರ ತರುವ ಜಾತಿ. ಎರಡು ಅಳತೆಯ ಪೈಪ್ ಜೋಡಿಸುವ ರೆಡ್ಯೂಸರ್ ಇದೆಯಲ್ಲ, ಅದನ್ನು ನಾವು ಹೇಗೆ ಬರೆಯುತ್ತೇವೆ? "ರೆಡ್ಯೂಸರ್ 1\*3/4". ಒಂದು ಇಂಚಿನಿಂದ ಮುಕ್ಕಾಲಿಗೆ. ಅಲ್ಲಿರುವ ನಕ್ಷತ್ರ ನಮಗೆ ಗುಣಾಕಾರ ಚಿಹ್ನೆ ಇದ್ದ ಹಾಗೆ. ಎಕ್ಸೆಲ್‌ನ `VLOOKUP`ಗೆ ಹಾಗಲ್ಲ. `FALSE` ಹಾಕಿದಾಗ ಅದು ಆ ನಕ್ಷತ್ರವನ್ನು "ಇಲ್ಲಿ ಏನು ಬೇಕಾದರೂ ಇರಬಹುದು" ಅಂತ ಓದುತ್ತದೆ. ಅಂದರೆ ನೀವು ಕೇಳಿದ್ದು "ರೆಡ್ಯೂಸರ್ 1" ಅಂತ ಶುರುವಾಗಿ "3/4" ಅಂತ ಮುಗಿಯುವ ಯಾವುದಾದರೂ ವಸ್ತು. ಪಟ್ಟಿಯಲ್ಲಿ ಮೇಲೆ "ರೆಡ್ಯೂಸರ್ 1 1/2\*3/4" ಇದ್ದರೆ, ಅದೂ ಹಾಗೇ ಶುರುವಾಗಿ ಹಾಗೇ ಮುಗಿಯುತ್ತದೆ. ಮೊದಲು ಸಿಕ್ಕಿದ್ದು ಅದೇ. ಒಂದು ಇಂಚಿನ ರೆಡ್ಯೂಸರ್‌ಗೆ ಒಂದೂವರೆ ಇಂಚಿನ ದರ ಬಿತ್ತು. ಡಬ್ಬಿಯ ಅಳತೆ, ಹಲಗೆಯ ಅಳತೆ ಬರೆಯುವವರಿಗೂ ಇದೇ ಗತಿ. ಪಟ್ಟಿಯಲ್ಲಿ ನಕ್ಷತ್ರದ ಬದಲು x ಬಳಸಿ, ಸುಲಭ. ಪ್ರಶ್ನೆ ಚಿಹ್ನೆಯೂ ಹೀಗೇ, ಯಾವುದೋ ಒಂದು ಅಕ್ಷರ ಅಂತ ಅರ್ಥ.

ಸೂತ್ರದ ಮಧ್ಯದ ಆ 4 ಉಳಿಯಿತು. ಇದು ನನ್ನ ಕೈಯಲ್ಲೇ ನಡೆದದ್ದು, ಹಾಗಾಗಿ ಸ್ವಲ್ಪ ನಾಚಿಕೆಯಿಂದ ಹೇಳುತ್ತೇನೆ. ಒಬ್ಬರಿಗೆ ಇಂಥದ್ದೇ ಕೊಟೇಶನ್ ಫೈಲ್ ಮಾಡಿಕೊಟ್ಟೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು. ಆಮೇಲೆ ಮಾಲೀಕರು ದರಪಟ್ಟಿಯಲ್ಲಿ ದರದ ಕಾಲಂನ ಎಡಕ್ಕೆ ಹೊಸ ಕಾಲಂ ಸೇರಿಸಿದರು: ಖರೀದಿ ದರ. ಲಾಭ ಎಷ್ಟು ಅಂತ ಒಂದೇ ಕಡೆ ನೋಡಬೇಕಿತ್ತು, ನ್ಯಾಯವಾದ ಆಸೆ. ಎಕ್ಸೆಲ್ ಸೂತ್ರದಲ್ಲಿದ್ದ ವ್ಯಾಪ್ತಿಯನ್ನು ತಾನೇ `$A$2:$E$7` ಮಾಡಿತು. ಆದರೆ 4 ಮಾತ್ರ 4 ಆಗಿಯೇ ಉಳಿಯಿತು. ಅದು ಬರೀ ಒಂದು ಸಂಖ್ಯೆ, ಕಾಲಂ ಜರುಗಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ನಾಲ್ಕನೇ ಕಾಲಂ ಈಗ ಖರೀದಿ ದರ. 19 ರೂಪಾಯಿಗೆ ಮಾರುವ ಎಲ್ಬೋ, 15ಕ್ಕೆ ತಂದದ್ದು, ಕೊಟೇಶನ್‌ನಲ್ಲಿ 15 ಅಂತ ಹೋಯಿತು. ತಪ್ಪು ಅಂತ ಕಾಣುವಷ್ಟು ತಪ್ಪೂ ಅಲ್ಲ. ಎರಡು ಕೊಟೇಶನ್ ಹೋದ ಮೇಲೆ ಗೊತ್ತಾಯಿತು. ಆ ಫೋನ್ ಕರೆ ಇನ್ನೂ ಕಿವಿಯಲ್ಲಿದೆ.

ಆವತ್ತಿನಿಂದ ನಾನು ಕಾಲಂ ಎಣಿಸುವುದನ್ನು ಬಿಟ್ಟೆ. ಹುಡುಕುವ ಕಾಲಂ ಯಾವುದು, ತರುವ ಕಾಲಂ ಯಾವುದು ಅಂತ ನೇರವಾಗಿ ತೋರಿಸುವ ಸೂತ್ರಗಳಿವೆ:

```
=XLOOKUP(A2,Rates!$A$2:$A$7,Rates!$D$2:$D$7,"ದರ ಇಲ್ಲ")
```

ಮಧ್ಯದಲ್ಲಿ ಕಾಲಂ ಸೇರಿಸಿದರೆ D ತಾನೇ E ಆಗುತ್ತದೆ, ಮಾರಾಟ ದರವೇ ಬರುತ್ತದೆ. ಇದರಲ್ಲಿ `FALSE` ಬರೆಯುವುದೂ ಬೇಡ. ಏನೂ ಹೇಳದಿದ್ದರೆ ಅದೇ ಕೋಡ್ ಸಿಗಬೇಕು ಅಂತಲೇ ಅರ್ಥ, ನಕ್ಷತ್ರವನ್ನೂ ಬರೀ ನಕ್ಷತ್ರ ಅಂತ ಓದುತ್ತದೆ. ಇಷ್ಟು ಹೊತ್ತು ಹೇಳಿದ ಸುಮ್ನೆ ಕೆಡುವ ಮೂರು ದಾರಿಗಳೂ ಇಲ್ಲಿ ಮುಚ್ಚಿವೆ. ಹಾಗಾದರೆ ಇದನ್ನೇ ಮೊದಲು ಹೇಳಬಾರದಿತ್ತಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಹೇಳಬಹುದಿತ್ತು. ಆದರೆ ಇದು ಎಲ್ಲರ ಕಂಪ್ಯೂಟರ್‌ನಲ್ಲಿ ಇಲ್ಲ. ಎಕ್ಸೆಲ್ 2021 ಅಥವಾ ಅದಕ್ಕಿಂತ ಹೊಸದು, ಇಲ್ಲವೇ ಚಂದಾ ಕಟ್ಟುವ ಆವೃತ್ತಿ ಬೇಕು. ಗೂಗಲ್ ಶೀಟ್ಸ್‌ನಲ್ಲಿ 2022ರಿಂದ ಇದೆ, ಲಿಬ್ರೆ ಆಫೀಸ್‌ನಲ್ಲಿ 24.8ನೇ ಆವೃತ್ತಿಯಿಂದ. ಎಕ್ಸೆಲ್ 2016, 2019ರಲ್ಲಿ `#NAME?` ಬರುತ್ತದೆ. ಅಂಥವರಿಗೆ ಹಳೇ ಜೋಡಿ:

```
=INDEX(Rates!$D$2:$D$7,MATCH(A2,Rates!$A$2:$A$7,0))
```

`MATCH` ಎಷ್ಟನೇ ಸಾಲು ಅಂತ ಹೇಳುತ್ತದೆ, `INDEX` ಆ ಸಾಲಿನ ದರ ತರುತ್ತದೆ. ಕೊನೆಯ 0 ಬಿಟ್ಟರೆ ಮತ್ತೆ ಅದೇ ಹತ್ತಿರದ್ದು ತರುವ ಕಥೆ. ನಕ್ಷತ್ರದ ಕಾಟ ಈ ಜೋಡಿಯಲ್ಲೂ ಇದೆ.

ಆ "ದರ ಇಲ್ಲ" ಬಗ್ಗೆ ಒಂದು ಮಾತು. ಬಹಳ ಜನಕ್ಕೆ `#N/A` ಕಂಡರೆ ಮುಜುಗರ, ಗಿರಾಕಿ ಏನಂದುಕೊಳ್ಳುತ್ತಾನೋ ಅಂತ. ಅದಕ್ಕೆ ಸೂತ್ರದ ಸುತ್ತ `IFERROR` ಹಾಕಿ ತಪ್ಪಿದ್ದಲ್ಲೆಲ್ಲ 0 ತೋರಿಸುತ್ತಾರೆ. ಆಗ ಏನಾಗುತ್ತದೆ? ನಾಲ್ಕು ಬಾಲ್ ವಾಲ್ವ್ ಗುಣಿಸು ಸೊನ್ನೆ, ಸೊನ್ನೆ. ಒಟ್ಟು ಮೊತ್ತ ಶಿಸ್ತಾಗಿ ಬರುತ್ತದೆ, ವಾಲ್ವ್ ಪುಕ್ಕಟೆ ಹೋಗುತ್ತದೆ. "ದರ ಇಲ್ಲ" ಅಂತ ಅಕ್ಷರ ಹಾಕಿದರೆ, ಅದನ್ನು ಸಂಖ್ಯೆಯಿಂದ ಗುಣಿಸಲು ಆಗುವುದಿಲ್ಲ. ಮೊತ್ತದ ಕಾಲಂನಲ್ಲಿ `#VALUE!` ಬರುತ್ತದೆ, ಕೆಳಗಿನ ಒಟ್ಟು ಮೊತ್ತವೂ ನಿಂತುಹೋಗುತ್ತದೆ. ನಿಲ್ಲಲಿ ಬಿಡಿ. ದರ ಗೊತ್ತಿಲ್ಲದ ವಸ್ತು ಇರುವ ಕೊಟೇಶನ್ ಹೊರಗೆ ಹೋಗಲೇಬಾರದು. `VLOOKUP` ಬಳಸುವವರು `IFERROR` ಬದಲು `IFNA` ಹಾಕಿ. ಅದು ಸಿಗದಿದ್ದದ್ದನ್ನು ಮಾತ್ರ ಮುಚ್ಚುತ್ತದೆ, ಬೇರೆ ತಪ್ಪುಗಳನ್ನು ತೋರಿಸುತ್ತದೆ.

ಫೈಲ್ ಸಿದ್ಧ ಆದ ಮೇಲೆ ನಾನು ಮಾಡುವ ಪರೀಕ್ಷೆ ಎರಡೇ ನಿಮಿಷದ್ದು. ಪಟ್ಟಿಯ ಮೊದಲ ಕೋಡ್, ಕೊನೆಯ ಕೋಡ್ ಎರಡನ್ನೂ ಕೊಟೇಶನ್ನಿನ ಕೊನೆಯ ಸಾಲಿನಲ್ಲಿ ಹೊಡೆದು ನೋಡುತ್ತೇನೆ, ಡಾಲರ್ ಬಿಟ್ಟಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ 999 ಅಂತ ಇಲ್ಲದ ಕೋಡ್ ಹೊಡೆಯುತ್ತೇನೆ. ಅದಕ್ಕೆ ಏನಾದರೂ ದರ ಬಂದರೆ, ಆ ಫೈಲನ್ನು ಯಾರಿಗೂ ಕೊಡುವುದಿಲ್ಲ.

ಕೊನೆಯಲ್ಲಿ ಪ್ರಶ್ನೆಗಳಿಗೆ ಸ್ವಲ್ಪ ಹೊತ್ತಿತ್ತು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ ಕೇಳಿದ: "ಸಾರ್, ದರ ಏರಿದಾಗ ನಾವು ಹಳೇ ಸಾಲು ಅಳಿಸಲ್ಲ. ಕೆಳಗೆ ಅದೇ ಕೋಡ್ ಹಾಕಿ ಹೊಸ ದರ ಬರೀತೀವಿ. ಆದರೆ ಹಳೇದೇ ಬರ್ತಿದೆ." ಬರುತ್ತದಪ್ಪ. ಮೇಲಿಂದ ಹುಡುಕುತ್ತದೆ, ಮೊದಲು ಸಿಕ್ಕಿದ್ದಕ್ಕೇ ನಿಲ್ಲುತ್ತದೆ. `XLOOKUP` ಇದ್ದರೆ ಕೆಳಗಿನಿಂದ ಹುಡುಕು ಅಂತ ಹೇಳಬಹುದು, ಕೊನೆಯ -1 ಅದಕ್ಕೆ:

```
=XLOOKUP(A2,Rates!$A:$A,Rates!$D:$D,"ದರ ಇಲ್ಲ",0,-1)
```

ಗೊತ್ತಿಲ್ಲದೆ ಎರಡು ಸಲ ಬಂದ ಕೋಡ್ ಹಿಡಿಯಲು, ದರಪಟ್ಟಿಯ ಪಕ್ಕದಲ್ಲಿ `=COUNTIF($A$2:$A$7,A2)` ಹಾಕಿ ಎಳೆಯಿರಿ. 1ಕ್ಕಿಂತ ಜಾಸ್ತಿ ಬಂದ ಸಾಲುಗಳನ್ನು ನೋಡಿ.

ಇನ್ನೊಬ್ಬರು, ವಯಸ್ಸಾದ ಮಾಲೀಕರು, ಮೆಲ್ಲಗೆ ಎದ್ದು ನಿಂತರು. "ನೀವು ಹೇಳಿದ ಹಾಗೇ ಮಾಡಿದ್ದೀವಿ. ಆದರೆ ಮೂರು ತಿಂಗಳ ಹಿಂದೆ ಕೊಟ್ಟ ಕೊಟೇಶನ್ ಮೊನ್ನೆ ತೆಗೆದೆ. ಗಿರಾಕಿ ಹತ್ತಿರ ಇರೋ ಕಾಗದದಲ್ಲಿ ಒಂದು ಮೊತ್ತ, ನನ್ನ ಕಂಪ್ಯೂಟರ್‌ನಲ್ಲಿ ಇನ್ನೊಂದು. ನಾನು ಸುಳ್ಳ ಆದೆ."

ಅಣ್ಣ, ಅದು ಸೂತ್ರದ ತಪ್ಪಲ್ಲ. ಸೂತ್ರ ಯಾವಾಗ ನೋಡಿದರೂ ಇವತ್ತಿನ ಪಟ್ಟಿಯನ್ನೇ ನೋಡುತ್ತದೆ. ನೀವು ಪಟ್ಟಿಯಲ್ಲಿ ದರ ತಿದ್ದಿದಿರಿ, ಹಳೇ ಕೊಟೇಶನ್‌ಗಳೂ ತಮ್ಮನ್ನು ತಾವೇ ತಿದ್ದಿಕೊಂಡವು. ಕೊಟೇಶನ್ ಮುಗಿದ ಮೇಲೆ, ಗಿರಾಕಿಗೆ ಕಳಿಸುವ ಮುಂಚೆ, D ಕಾಲಂ ಆರಿಸಿ ಕಾಪಿ ಮಾಡಿ. ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ಗೆ ಹೋಗಿ ವ್ಯಾಲ್ಯೂಸ್ ಆರಿಸಿ. ಸೂತ್ರ ಅಳಿಸಿ ಆವತ್ತಿನ ದರ ಬರೀ ಸಂಖ್ಯೆಯಾಗಿ ಉಳಿಯುತ್ತದೆ. ಸೂತ್ರ ಇರುವ ಖಾಲಿ ನಮೂನೆಯನ್ನು ಬೇರೆ ಫೈಲ್ ಮಾಡಿ ಇಟ್ಟುಕೊಳ್ಳಿ, ಪ್ರತಿ ಸಲ ಅದರ ಪ್ರತಿ ತೆಗೆದೇ ಶುರು ಮಾಡಿ. ಆ ಹಳೇ ಕೊಟೇಶನ್‌ಗೆ ಮಾತ್ರ ಇನ್ನು ಗಿರಾಕಿಯ ಕೈಯಲ್ಲಿರುವ ಕಾಗದವೇ ಗತಿ. ಅದನ್ನು ನೋಡಿ 19, 27 ಅಂತ ಕೈಯಲ್ಲೇ ಹೊಡೆಯಬೇಕು.